ಕಿತ್ತಳೆ ಬಣ್ಣ ಮುಟ್ಟದೆ ಮಾತ್ರೆ ಕವರ್ ಸರಿ ಮಾಡಿದ್ದು

ಮೈಸೂರಿನ ಕುವೆಂಪುನಗರದ ಕಡೆ ಎರಡು ಮೂರು ಬ್ರಾಂಚ್ ಇರುವ ಮೆಡಿಕಲ್ ಸ್ಟೋರ್ ಒಂದರ ಕೆಲಸ ಇದು. ಮಾತ್ರೆ ಹಾಕಿಕೊಡುವ ಕವರ್ ಮೇಲಿನ ಅಕ್ಷರ ಕಾಣಲ್ಲ ಅಂತ ವಯಸ್ಸಾದ ಗಿರಾಕಿಗಳು ದಿನಾ ಕೌಂಟರಿಗೆ ವಾಪಸ್ ಬರುತ್ತಿದ್ದರು. ಆದರೆ ಮಾಲೀಕರು ಬ್ರ್ಯಾಂಡಿಂಗಿಗೆ ಆಗಲೇ ಒಂದೂವರೆ ಲಕ್ಷದಷ್ಟು ಸುರಿದಿದ್ದರು. "ಏನು ಬೇಕಾದ್ರೂ ಮಾಡಿ, ಕಿತ್ತಳೆ ಮಾತ್ರ ಮುಟ್ಟಬೇಡಿ" ಅಂದರು. ಬಣ್ಣ ಬದಲಿಸದೆ ಇದು ಆಗಲ್ಲ ಅಂತ ಪ್ರೆಸ್ಸಿನವರೂ, ನನ್ನ ಇಬ್ಬರು ಗೆಳೆಯರೂ ಹೇಳಿದರು. ಆಯಿತು, ಚೆನ್ನಾಗಿಯೇ ಆಯಿತು.

ಕಿತ್ತಳೆಯದು ತಪ್ಪಿರಲಿಲ್ಲ. ಆ ಕಿತ್ತಳೆ, ಅಂದರೆ #FF8C00 ಮೇಲೆ ಬಿಳಿ ಅಕ್ಷರ ಇಟ್ಟರೆ ಕಾಂಟ್ರಾಸ್ಟ್ ಬರುವುದು 2.3ರಷ್ಟು. ಸಣ್ಣ ಅಕ್ಷರಕ್ಕೆ ಬೇಕಾದದ್ದು ಕನಿಷ್ಠ 4.5. ಅದೇ ಕಿತ್ತಳೆ ಮೇಲೆ ಕಪ್ಪು ಇಟ್ಟರೆ 9! ಹಾಗಾಗಿ ಒಂದೇ ನಿಯಮ ಮಾಡಿಕೊಂಡೆ: ಕಿತ್ತಳೆ ಹಿನ್ನೆಲೆಗೆ ಮಾತ್ರ, ಅಕ್ಷರಕ್ಕೆ ಇಲ್ಲ. ಅದರ ಮೇಲೆ ಬಿಳಿ ಅಕ್ಷರವೂ ಇಲ್ಲ.

ಏಜೆನ್ಸಿಯವರು ಕೊಟ್ಟಿದ್ದ ಕಡು ಕಂದು ಬಣ್ಣವನ್ನೂ ನೋಡಿದೆ. ಸ್ಕ್ರೀನ್ ಮೇಲೆ ಲೆಕ್ಕಕ್ಕೆ 6ರ ಮೇಲೇ ಬಂತು, ಸಂತೋಷವಾಯಿತು. ಪ್ರಿಂಟ್ ಬಂದಾಗ ಅಕ್ಷರದ ಅಂಚೆಲ್ಲ ಮಸುಕು. ಕಂದು ಬರುವುದು ನಾಲ್ಕು ಪ್ಲೇಟ್ ಸೇರಿ, ಚುಕ್ಕಿ ಚುಕ್ಕಿಯಾಗಿ. ಪ್ಲೇಟುಗಳ ಹೊಂದಾಣಿಕೆ, ಅಂದರೆ ರಿಜಿಸ್ಟ್ರೇಷನ್, ಕೂದಲೆಳೆ ಜರುಗಿದರೂ ಸಣ್ಣ ಅಕ್ಷರ ಎರಡೆರಡಾಗಿ ಕಾಣುತ್ತದೆ. ನಮ್ಮ ಕಣ್ಣು ಅದನ್ನು ಸಹಿಸಿಕೊಳ್ಳುತ್ತದೆ, ಪೊರೆ ಬಂದ ಕಣ್ಣಿಗೆ ಆಗಲ್ಲ. ಆ ಲಾಟ್ 2,000 ಕವರ್ ಹೋಯಿತು, ಸುಮಾರು 1,800 ರೂಪಾಯಿ. ಆಮೇಲೆ ಓದಬೇಕಾದ ಅಕ್ಷರವೆಲ್ಲ ಬರೀ ಕಪ್ಪು ಪ್ಲೇಟಿನಲ್ಲಿ, ಕಿತ್ತಳೆಯ ಮೇಲೆ ಓವರ್‌ಪ್ರಿಂಟ್. ಕಿತ್ತಳೆಯನ್ನು ಸ್ಪೆಷಲ್ ಇಂಕಾಗಿ ಕಲಸಿಸಿದೆ. ನಾಲ್ಕು ಬಣ್ಣದ ಕೆಲಸ ಎರಡಕ್ಕೆ ಇಳಿಯಿತು. 10,000 ಕವರಿಗೆ ಎರಡು ಸಾವಿರದಷ್ಟು ಉಳಿಯಿತು ಅಂತ ನೆನಪು. ಮಾಲೀಕರು ಒಪ್ಪಿದ್ದು ಇಲ್ಲಿ.

ನಿಜವಾದ ತಲೆನೋವು ಅಕ್ಷರದ್ದು. ಆ ಕವರಿನಲ್ಲಿ ಮುಖ್ಯವಾದದ್ದು ಮೂರೇ ಪದ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಮೂರರಲ್ಲೂ ಒತ್ತಕ್ಷರ ಇದೆ, ನೋಡಿ. ಮಧ್ಯಾಹ್ನದಲ್ಲಂತೂ ಎರಡು, ಜೊತೆಗೆ ಧ ಅಕ್ಷರದ ಕೆಳಗಿನ ಸೀಳು ಬೇರೆ. ಕಾಣಲ್ಲ ಅಂದ ತಕ್ಷಣ ಎಲ್ಲರೂ ಬೋಲ್ಡ್ ಮಾಡುತ್ತಾರೆ, ಮೊದಲು ಇದ್ದದ್ದೂ ಬೋಲ್ಡೇ. ಮ್ಯಾಪ್‌ಲಿಥೋ ಕಾಗದ ಇಂಕನ್ನು ಹೀರಿ ಹರಡಿಸುತ್ತದೆ. ಒತ್ತಿನ ಒಳಗಿನ ಬಿಳಿ ಜಾಗ ಮುಚ್ಚಿಹೋಗಿ, ಹ್ನ ಅನ್ನುವುದು ಒಂದು ಕಪ್ಪು ಗಂಟಾಗಿತ್ತು. ಧ ಹೋಗಿ ದ ಆಗಿತ್ತು.

ಅನೇಕ್ ಕನ್ನಡ ಫಾಂಟ್ ತಗೊಂಡೆ. ಅದರಲ್ಲಿ ದಪ್ಪ, ಅಗಲ ಎರಡನ್ನೂ ಬೇಕಾದಷ್ಟು ಬದಲಿಸಬಹುದು. ಬೋಲ್ಡಿನಿಂದ ಮೀಡಿಯಂ ಹತ್ತಿರಕ್ಕೆ ಇಳಿಸಿದೆ, ಸ್ವಲ್ಪ ಅಗಲ ಮಾಡಿದೆ, ಸೈಜ್ 10 ಪಾಯಿಂಟಿನಿಂದ 17ಕ್ಕೆ ಏರಿಸಿದೆ. ನಿಖರವಾಗಿ ಎಷ್ಟು ದಪ್ಪ, ಎಷ್ಟು ಅಗಲ ಅನ್ನೋದು ನನ್ನ ಹತ್ತಿರವೇ ಇರಲಿ. ಅಕ್ಷರವನ್ನು ಕರ್ವ್, ಅಂದರೆ ಚಿತ್ರದಂತೆ ತಿದ್ದಬಹುದಾದ ಗೆರೆ, ಮಾಡಿದ ಮೇಲೆ ಒತ್ತುಗಳನ್ನು ಕೈಯಲ್ಲಿ ಒಂಚೂರು ಕೆಳಗಿಳಿಸಿದ್ದೂ ಇದೆ, ಅದರ ಅಳತೆಯನ್ನೂ ಹೇಳಲ್ಲ. ಆದರೆ ಪದದ ಸುತ್ತಲಿನ ಬಾಕ್ಸಿನ ಗೆರೆಗೆ ಒತ್ತು ತಾಗದಂತೆ ಜಾಗ ಬಿಡಿ. ತಾಗಿದರೆ ಗೆರೆಯೂ ಅಕ್ಷರದ ಭಾಗವಾಗಿ ಕಾಣುತ್ತದೆ. ಜಾಗಕ್ಕೋಸ್ಕರ ಹಿಂಬದಿಯ ಜಾಹೀರಾತು ಸಾಲನ್ನು ಹಾಗೇ ಉಳಿಸಿ ಮುಂಬದಿಯ ಘೋಷವಾಕ್ಯವನ್ನು ತೆಗೆಸಿದೆ. ಅದಕ್ಕೊಂದು ದೊಡ್ಡ ಜಗಳವೇ ಆಯಿತು.

ಪರೀಕ್ಷೆಗೆ ಕಂಪ್ಯೂಟರ್ ನೆಚ್ಚಿಕೊಳ್ಳಲಿಲ್ಲ. ಕನ್ನಡಕದ ಮೇಲೆ ಬಟರ್ ಪೇಪರ್ ಅಂಟಿಸಿ, ಸಂಜೆ ಟ್ಯೂಬ್‌ಲೈಟಿನಲ್ಲಿ ನಾನೇ ಓದಿದೆ. ಅದರಲ್ಲಿ ಪಾಸಾದದ್ದನ್ನು ಮಾತ್ರ ಬೆಳಿಗ್ಗೆ ಪಾರ್ಕಿಗೆ ಒಯ್ದೆ. "ಕಾಣುತ್ತಾ?" ಅಂತ ಕೇಳಬಾರದು, ಹಿರಿಯರು ಸಂಕೋಚಕ್ಕೆ "ಕಾಣುತ್ತಪ್ಪ" ಅಂದುಬಿಡುತ್ತಾರೆ. "ಅಜ್ಜಿ, ಇದನ್ನ ಯಾವಾಗ ತಗೋಬೇಕು?" ಅಂತ ಕೇಳಬೇಕು. ಹಳೇ ಕವರಿಗೆ ಹೆಚ್ಚಿನವರು ಮುಖ ನೋಡಿದರು. ಹೊಸದಕ್ಕೆ ಹತ್ತರಲ್ಲಿ ಏಳೆಂಟು ಜನ ತಕ್ಷಣ ಹೇಳಿದರು.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದ್ದೆ. ಬೆಳಿಗ್ಗೆಗೆ ಹಳದಿ, ಮಧ್ಯಾಹ್ನಕ್ಕೆ ಕಿತ್ತಳೆ, ರಾತ್ರಿಗೆ ನೀಲಿ. ಹಳದಿ ಬಿಳಿ ಕಾಗದದಲ್ಲಿ ಕರಗಿಹೋಯಿತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಕಡು ನೀಲಿ ಕಪ್ಪಿನಂತೆ ಕಾಣುತ್ತದೆ. ಬಣ್ಣ ಬಿಟ್ಟು ಸೂರ್ಯ, ಚಂದ್ರ ಹಾಕಿದೆ. ಚಂದ್ರ ಗೆದ್ದ. ಉದಯಿಸುವ ಸೂರ್ಯ ಯಾವುದು, ನೆತ್ತಿಯ ಸೂರ್ಯ ಯಾವುದು ಅಂತ ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಈಗ ರಾತ್ರಿ ಬಾಕ್ಸಿಗೊಂದೇ ಚಿತ್ರ.

ಕಣ್ಣಿನ ನಡುಭಾಗವೇ ಮಂಜಾದವರಿಗೆ ಈ ಕವರ್ ಸಾಲದು. ಅವರಿಗಾಗಿ ರಾತ್ರಿ ಮಾತ್ರೆಯ ಕವರಿನ ಮೂಲೆ ಮಡಚಿ ಕೊಡಲು ಕೌಂಟರ್ ಹುಡುಗರಿಗೆ ಹೇಳಿದ್ದೇನೆ. ಅಂಗಡಿಯ ಬಿಲ್ಲಿನ ಅಕ್ಷರ ಸರಿ ಮಾಡುವುದು ಇನ್ನೂ ಬಾಕಿ ಇದೆ. ಥರ್ಮಲ್ ಪ್ರಿಂಟರಿನಲ್ಲಿ ಮಿಲಿಮೀಟರಿಗೆ 8 ಚುಕ್ಕಿ ಅಷ್ಟೇ, ಸಣ್ಣ ಸೈಜಿನಲ್ಲಿ ಒತ್ತು ಉಳಿಯುವುದೇ ಇಲ್ಲ. ಸದ್ಯಕ್ಕೆ ಒಟ್ಟು ಮೊತ್ತವನ್ನೂ ಮಾತ್ರೆ ಹೆಸರನ್ನೂ ಎರಡರಷ್ಟು ಎತ್ತರಕ್ಕೆ ಏರಿಸಿ ನೋಡುತ್ತಿದ್ದೇನೆ. ಪೇಪರ್ ರೋಲ್ ಬೇಗ ಖಾಲಿಯಾಗುತ್ತೆ ಅಂತ ಮಾಲೀಕರ ತಕರಾರು ಶುರುವಾಗಿದೆ.