‘ಎರಡೂ ಸಮ’ ಎಂದು ನಾನು ಯಾವಾಗ ಒತ್ತುತ್ತೇನೆ

ದಾವಣಗೆರೆಯ ನಮ್ಮ ಮನೆಯ ಮಹಡಿಯಲ್ಲಿ ಕುಳಿತು ನಾನು ಮಾಡುವ ಕೆಲಸವನ್ನು ಹೇಳುವುದು ಸುಲಭ. ಒಂದೇ ವಿವರಣೆಯಿಂದ ಕಂಪ್ಯೂಟರ್ ರಚಿಸಿದ ಎರಡು ಚಿತ್ರಗಳು ಪರದೆಯ ಮೇಲೆ ಅಕ್ಕಪಕ್ಕ ಬರುತ್ತವೆ, ಯಾವುದು ಮೇಲು ಎಂದು ನಾನು ಹೇಳಬೇಕು. ಎಡ, ಬಲ, ಎರಡೂ ಸಮ, ಹೀಗೆ ಮೂರು ಗುಂಡಿಗಳಿವೆ. ಮೊದಲ ಕೆಲವು ತಿಂಗಳು ಮೂರನೆಯದನ್ನು ನಾನು ಮುಟ್ಟುತ್ತಲೇ ಇರಲಿಲ್ಲ. ಆರಿಸುವುದಕ್ಕೇ ಹಣ ಕೊಡುವಾಗ ಸಮ ಎನ್ನುವುದು ಮೈಗಳ್ಳತನ ಎಂದುಕೊಂಡಿದ್ದೆ.

ಆ ನಂಬಿಕೆಯನ್ನು ಅಲುಗಿಸಿದ್ದು ಒಂದು ಬೆಣ್ಣೆ ದೋಸೆ. ವಿವರಣೆ ಇಷ್ಟೇ: ಸ್ಟೀಲ್ ತಟ್ಟೆಯಲ್ಲಿ ಬೆಣ್ಣೆ ದೋಸೆ, ಪಕ್ಕದಲ್ಲಿ ಚಟ್ನಿ, ಒಂದು ಲೋಟ ಕಾಫಿ, ಕಿಟಕಿಯಿಂದ ಬೀಳುವ ಬೆಳಗಿನ ಬೆಳಕು. ಎರಡು ಚಿತ್ರಗಳಲ್ಲೂ ಕೇಳಿದ್ದೆಲ್ಲ ಇತ್ತು. ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿದಾಗ ಎಡದ ಚಿತ್ರದಲ್ಲಿ ಲೋಟದ ಅಂಚು ಕೂದಲೆಳೆಯಷ್ಟು ಸೊಟ್ಟಗಿತ್ತು. ಬಲದ ಚಿತ್ರದಲ್ಲಿ ತಟ್ಟೆಯ ನೆರಳು ಬೆಳಕಿನ ದಿಕ್ಕಿಗೆ ಸರಿಯಾಗಿ ಬಿದ್ದಿರಲಿಲ್ಲ. ಮಾಮೂಲಿ ಗಾತ್ರದಲ್ಲಿ ಎರಡೂ ಕಾಣುವ ತಪ್ಪುಗಳಲ್ಲ. ‘ಬೆಳಕು ಚೆನ್ನಾಗಿದೆ’ ಎಂದುಕೊಂಡು ಬಲವನ್ನು ಒತ್ತಿದೆ. ಎರಡು ದಿನ ಬಿಟ್ಟು ಅದೇ ಜೋಡಿ ಜಾಗ ಬದಲಿಸಿಕೊಂಡು ಮತ್ತೆ ಬಂತು. ಆಗಲೂ ಬಲವನ್ನೇ ಒತ್ತಿದ್ದೆ. ಅಂದರೆ ನಾನು ಆರಿಸಿದ್ದು ಚಿತ್ರವನ್ನಲ್ಲ, ಜಾಗವನ್ನು.

ಅನುಮಾನ ಹತ್ತಿತು. ತುಂಬಾ ತಡವರಿಸಿ ತೀರ್ಮಾನಿಸಿದ್ದ ಅಭ್ಯಾಸದ ಇಪ್ಪತ್ತು ಜೋಡಿಗಳನ್ನು ಎಡಬಲ ಬದಲಿಸಿ ಮತ್ತೆ ನೋಡಿದೆ. ಒಂಬತ್ತರಲ್ಲಿ ಉತ್ತರ ತಿರುಗಿಬಿತ್ತು. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ಮೊದಲ ನೋಟಕ್ಕೇ ತೀರ್ಮಾನವಾಗಿದ್ದ ಜೋಡಿಗಳಲ್ಲಿ ಒಂದೂ ತಿರುಗಲಿಲ್ಲ.

ಅಂದಿನಿಂದ ತಡವರಿಸಿದ ಕಡೆಯೆಲ್ಲ ಜಾಗ ಬದಲಿಸಿ ನೋಡುತ್ತೇನೆ. ಉತ್ತರ ಚಿತ್ರದ ಜೊತೆಗೇ ಹೋದರೆ ಅದು ಗೆದ್ದಂತೆ, ಜಾಗದಲ್ಲೇ ಉಳಿದರೆ ಸಮ. ಇದರ ಜೊತೆಗೆ ಇನ್ನೊಂದು ಪರೀಕ್ಷೆ: ಕಾರಣವನ್ನು ಬೆರಳಿಟ್ಟು ತೋರಿಸಲು ಆಗಬೇಕು. ‘ಈ ಲೋಟಕ್ಕೆ ತಳವೇ ಇಲ್ಲ’ ಎನ್ನುವುದು ಕಾರಣ. ‘ಇದರಲ್ಲಿ ಏನೋ ಒಂದು ಕಳೆ ಇದೆ’ ಎನ್ನುವುದು ಕಾರಣವಲ್ಲ. ಆ ಕಳೆ ಬಹಳ ಸಲ ಬರೀ ಹೆಚ್ಚಿದ ಹೊಳಪು ಮತ್ತು ಗಾಢ ಬಣ್ಣ. ಎರಡು ಚಿತ್ರಗಳು ಹತ್ತಿರವಿದ್ದಷ್ಟೂ ಕಣ್ಣು ಹೊಳೆಯುವುದರ ಕಡೆಗೆ ಜಾರುತ್ತದೆ. ಎಡಬಲದ ಒಲವಾದರೆ ಚಿತ್ರಗಳ ಜಾಗ ಅದಲುಬದಲಾಗುತ್ತಿದ್ದಂತೆ ಸಾವಿರಾರು ಉತ್ತರಗಳಲ್ಲಿ ಸರಿದೂಗಿಹೋಗುತ್ತದೆ. ಹೊಳಪಿನ ಒಲವು ಹಾಗೆ ಸರಿದೂಗುವುದಿಲ್ಲ, ಏಕೆಂದರೆ ಎಲ್ಲರ ಕಣ್ಣೂ ಒಂದೇ ಕಡೆಗೆ ಜಾರುತ್ತದೆ. ನಮ್ಮ ಉತ್ತರಗಳಿಂದ ಕಲಿಯುವ ಯಂತ್ರ ಮುಂದೆ ಚಟ್ನಿಯನ್ನೂ ಮಿರಮಿರ ಮಿಂಚಿಸಿ ಕೊಡುತ್ತದೆ. ಸಮ ಎಂದು ಒತ್ತಿದರೆ ಆ ತಪ್ಪು ಪಾಠ ಯಂತ್ರಕ್ಕೆ ತಲುಪುವುದಿಲ್ಲ. ನಮ್ಮ ಉತ್ತರಗಳನ್ನು ಕೂಡಿಸಿ ಲೆಕ್ಕ ಹಾಕುವವರಿಗೂ ಅದರಿಂದ ತೊಡಕಿಲ್ಲ. ಜೋಡಿ ಹೋಲಿಕೆಗೆ ಸಂಖ್ಯಾಶಾಸ್ತ್ರಜ್ಞರಾದ ಬ್ರಾಡ್ಲಿ ಮತ್ತು ಟೆರ್ರಿ 1952ರಲ್ಲಿ ಕೊಟ್ಟ ಸೂತ್ರದಲ್ಲಿ ಸಮಕ್ಕೆ ಜಾಗವಿರಲಿಲ್ಲ. 1970ರಲ್ಲಿ ಡೇವಿಡ್‌ಸನ್ ಅದನ್ನು ವಿಸ್ತರಿಸಿ ಸಮಕ್ಕೂ ಜಾಗ ಮಾಡಿಕೊಟ್ಟರು.

ಹಾಗೆಂದು ತೋಚದ್ದೆಲ್ಲ ಸಮವಲ್ಲ. ಒಂದು ಚಿತ್ರ ನೋಡಲು ಸುಂದರ, ಆದರೆ ವಿವರಣೆಯಲ್ಲಿ ಕೇಳಿದ ಕಾಫಿಯೇ ಇಲ್ಲ. ಇನ್ನೊಂದು ಸಪ್ಪೆ, ಆದರೆ ಎಲ್ಲವೂ ಇದೆ. ಇಂಥ ಕಡೆ ನಾನು ಪಾಲಿಸುವ ಕ್ರಮ ಹೀಗಿದೆ: ಮೊದಲು ವಿವರಣೆ, ಆಮೇಲೆ ದೋಷ, ಕೊನೆಗೆ ಅಂದ. ಆದ್ದರಿಂದ ಸಪ್ಪೆಯದೇ ಗೆಲ್ಲುತ್ತದೆ. ಎರಡೂ ಕೆಟ್ಟದಾಗಿದ್ದರೆ, ಅದಕ್ಕೆ ಬೇರೆ ಗುಂಡಿ ಇರುವ ಕಡೆ ಅದನ್ನೇ ಒತ್ತಬೇಕು. ಎರಡೂ ಚೆನ್ನಾಗಿರುವುದೂ ಎರಡೂ ಹಾಳಾಗಿರುವುದೂ ಒಂದೇ ಸುದ್ದಿಯಲ್ಲ.

ಕಳೆದ ತಿಂಗಳು ಚಿತ್ರದುರ್ಗದ ಹುಡುಗಿಯೊಬ್ಬಳು ನಮ್ಮ ತಂಡಕ್ಕೆ ಸೇರಿದಳು. ನನ್ನಿಂದ ಸಮದ ಪಾಠ ಕೇಳಿದ ಮೇಲೆ ಅವಳ ಪಟ್ಟಿಯಲ್ಲಿ ಸಂಜೆ ಐದರ ನಂತರ ಸಾಲುಸಾಲಾಗಿ ಸಮಗಳೇ. ಅದರಲ್ಲೊಂದು, ಲೋಟ ಹಿಡಿದ ಅಜ್ಜನ ಚಿತ್ರಗಳ ಜೋಡಿ. ಹಿಗ್ಗಿಸಿ ತೋರಿಸಿದೆ. ಒಂದರಲ್ಲಿ ಅಜ್ಜನ ಕೈಗೆ ಆರು ಬೆರಳು.

“ಅಯ್ಯೋ ಅಕ್ಕ, ಎರಡೂ ಒಂದೇ ಥರ ಕಂಡವು” ಎಂದಳು.

“ಕಂಡದ್ದಲ್ಲ, ನೀನು ನೋಡಿಯೇ ಇಲ್ಲ. ಹಿಗ್ಗಿಸಿ ನೋಡಿದ ಮೇಲೂ ವ್ಯತ್ಯಾಸ ಸಿಗದಿದ್ದರೆ ಸಮ ಎನ್ನು” ಎಂದೆ.

ಈಗ ಇಬ್ಬರೂ ಸಂಜೆಯ ಸಮಗಳನ್ನು ಬೇರೆ ಗುರುತು ಹಾಕಿ ಇಟ್ಟು, ಮರುದಿನ ಬೆಳಗ್ಗೆ ಜಾಗ ಬದಲಿಸಿ ಇನ್ನೊಮ್ಮೆ ನೋಡಿ ಕಳುಹಿಸುತ್ತೇವೆ. ಆ ದೋಸೆಯ ಜೋಡಿಯನ್ನು ಅವಳಿಗೂ ತೋರಿಸಿದೆ. ಎರಡು ಸಲ ತಿರುಗಿಸಿ ನೋಡಿ, ಸಮ ಎಂದಳು.