ಟಿಸಿ ಸುಟ್ಟಾಗ ಸೆಕ್ಷನ್ ಆಫೀಸರಿಗೆ ಮಾಡಿದ ಫೋನು

ಊರಿನ ಕುಡಿಯುವ ನೀರಿಗೆ ಪಿಡಿಒ ಹೊಣೆ. ಆ ನೀರನ್ನು ಬೋರ್‌ವೆಲ್‌ನಿಂದ ಮೇಲೆತ್ತುವ ಕರೆಂಟಿಗೆ ವಿದ್ಯುತ್ ಕಂಪನಿ ಹೊಣೆ. ನಾವು ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರ್ ಸುಟ್ಟ ದಿನ ಜನ ಖಾಲಿ ಕೊಡ ಹಿಡಿದು ಬರುವುದು ಪಂಚಾಯಿತಿ ಬಾಗಿಲಿಗೇ. ಆದರೆ ಹೊಸ ಟಿಸಿ ತರಿಸಬೇಕಾದವರು ಆ ಕಂಪನಿಯ ಸೆಕ್ಷನ್ ಆಫೀಸರು. ಅವರು ನನ್ನ ಕೈಕೆಳಗಿನವರೂ ಅಲ್ಲ, ಮೇಲಿನವರೂ ಅಲ್ಲ, ನಮ್ಮ ಇಲಾಖೆಯವರೇ ಅಲ್ಲ. ಬಯಲುಸೀಮೆಯ ಪಂಚಾಯಿತಿಯಲ್ಲಿ ಪಿಡಿಒ ಆಗಿ ಕೆಲಸ ಮಾಡುತ್ತಾ ಪ್ರತಿ ಬೇಸಿಗೆಯಲ್ಲೂ ಇಂಥ ಫೋನು ಮಾಡಬೇಕಾಗಿ ಬಂದಿದೆ. ಒಂದು ಸಲದ್ದನ್ನು ಪೂರ್ತಿಯಾಗಿ ಬರೆಯುತ್ತೇನೆ, ಕೇಳುವ ರೀತಿ ಅದರಲ್ಲೇ ಇದೆ.

ಮೊದಲು ಅವರ ಕಡೆಯಿಂದ ನೋಡಬೇಕು. ಏಪ್ರಿಲ್ ತಿಂಗಳಲ್ಲಿ ಒಂದು ಸೆಕ್ಷನ್ನಿನಲ್ಲಿ ಒಂದೇ ಹೊತ್ತಿಗೆ ಹಲವು ಟಿಸಿ ಸುಟ್ಟಿರುತ್ತವೆ. ರಿಪೇರಿಯಾಗಿ ಬಂದವು ಅಷ್ಟಿರುವುದಿಲ್ಲ, ಸಾಗಿಸುವ ಗಾಡಿ ಒಂದು, ಪವರ್‌ಮ್ಯಾನ್‌ಗಳು ಕೆಲವರೇ. ತೋಟ ಒಣಗುತ್ತಿರುವ ರೈತರು ಬೆಳಗಿನಿಂದ ಆಫೀಸಿನ ಮುಂದೆ ಕೂತಿರುತ್ತಾರೆ. ಫೋನು ಮಾಡಿದ ಪ್ರತಿಯೊಬ್ಬರೂ ಹೇಳುವುದು "ಅರ್ಜೆಂಟ್" ಎಂದೇ. ಹಾಗಾಗಿ ಆ ಮಾತಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ಊರಿಗೆ ಮೊದಲು, ಯಾವುದಕ್ಕೆ ಆಮೇಲೆ ಎಂದು ತೀರ್ಮಾನಿಸಲು ಬೇಕಾದ ವಿವರ ಅವರ ಕೈಗೆ ಸಿಗಬೇಕು. ಕೇಳಲು ಬಂದ ಬೇರೆ ಊರಿನವರಿಗೆ ತಮ್ಮ ತೀರ್ಮಾನವನ್ನು ಸಮರ್ಥಿಸಿಕೊಳ್ಳಲೂ ಅದೇ ವಿವರ ಬೇಕು.

ಆ ದಿನ ನೀರಗಂಟಿ ಬೆಳಿಗ್ಗೆಯೇ ಬಂದು "ಸಾರ್, ಟಿಸಿ ಢಂ ಅಂತು" ಎಂದ. ನಾನು ತಕ್ಷಣ ಫೋನು ಎತ್ತಲಿಲ್ಲ. ಟಿಸಿ ಸುಟ್ಟಿದೆ ಎಂದು ಹೇಳಿ, ಪವರ್‌ಮ್ಯಾನ್ ಬಂದು ನೋಡಿದಾಗ ಬರೀ ಫ್ಯೂಸ್ ಹೋಗಿದ್ದರೆ ಮುಂದಿನ ಸಲ ನಮ್ಮ ಮಾತಿಗೆ ಬೆಲೆಯಿರುವುದಿಲ್ಲ. ಪ್ಯಾನೆಲ್ ಬೋರ್ಡಿನ ವೋಲ್ಟ್‌ಮೀಟರ್ ನೋಡಿಸಿದೆ: ಮೂರು ಫೇಸಿನಲ್ಲೂ ಸೊನ್ನೆ. ಪಕ್ಕದ ಊರಿನಲ್ಲಿ ಅದೇ ಫೀಡರಿನ ಮೋಟಾರು ಓಡುತ್ತಿದೆ ಎಂದು ವಿಚಾರಿಸಿ ತಿಳಿದುಕೊಂಡೆ, ಅಂದರೆ ಲೈನಿನದಲ್ಲ ತೊಂದರೆ. ನಮ್ಮ ಟಿಸಿ ಮೇಲಿನ ರೈತರ ಪಂಪ್‌ಸೆಟ್‌ಗಳೆಲ್ಲ ನಿಂತಿವೆ. ಟಿಸಿ ಕೆಳಗೆ ಎಣ್ಣೆ ಸೋರಿ ನೆಲ ಕಪ್ಪಾಗಿದೆ. ಯಾರೂ ಹತ್ತಿರ ಹೋಗದಂತೆ ಹೇಳಿ, ದೂರದಿಂದಲೇ ಎರಡು ಫೋಟೋ ತೆಗೆಸಿದೆ. ಕಂಬದ ಮೇಲೆ ಬರೆದಿದ್ದ ಟಿಸಿ ನಂಬರು ಮತ್ತು ಸಾಮರ್ಥ್ಯ ಬರೆದುಕೊಂಡೆ, 63 ಕೆವಿಎ. 1912ಕ್ಕೆ ದೂರು ಕೊಟ್ಟು ನಂಬರು ಪಡೆದೆ.

ಆಮೇಲೆ ನೀರಿನ ಲೆಕ್ಕ. ಊರಲ್ಲಿ ಸುಮಾರು 1,400 ಜನ. ದಿನಕ್ಕೆ ತಲೆಗೆ 55 ಲೀಟರು ಎಂದರೆ 77,000 ಲೀಟರು ಬೇಕು. 5,000 ಲೀಟರಿನ ಟ್ಯಾಂಕರಿನಲ್ಲಿ ಹದಿನೈದು ಟ್ರಿಪ್ಪಿಗೂ ಹೆಚ್ಚು, ಅದು ಒಂದು ಟ್ರ್ಯಾಕ್ಟರಿನಿಂದ ಆಗದ ಮಾತು. ಕುಡಿಯಲು, ಅಡುಗೆಗೆ ತಲೆಗೆ 20 ಲೀಟರು ಎಂದು ಇಳಿಸಿದರೆ 28,000 ಲೀಟರು, ಆರು ಟ್ರಿಪ್ಪು. ಪಕ್ಕದ ಊರಿನ ಬೋರ್‌ವೆಲ್‌ನಿಂದ ಇಷ್ಟು ತರಬಹುದಿತ್ತು. ಆದರೆ ಆ ಬೋರು ತನ್ನ ಊರಿಗೂ ಕೊಟ್ಟು ನಮಗೂ ಕೊಡುವುದು ಎರಡು ದಿನ ಮಾತ್ರ, ಅದಕ್ಕಿಂತ ಹೆಚ್ಚು ಎಳೆದರೆ ನೀರು ಕೆಳಗಿಳಿಯುತ್ತದೆ ಎಂದು ಅಲ್ಲಿನ ನೀರಗಂಟಿ ಹೇಳಿದ. ಹೀಗೆ ನನಗೆ ನಿಜವಾದ ಗಡುವು ಸಿಕ್ಕಿತು: ನಾಳಿದ್ದು ಸಂಜೆ. "ಇವತ್ತೇ ಬೇಕು" ಎಂದು ಹೇಳುವ ಆಸೆ ಆಗುತ್ತದೆ, ಅರ್ಧ ದಿನವಾದರೂ ಬೇಗ ಬಂದೀತು ಎಂಬ ಲೆಕ್ಕದಲ್ಲಿ. ನಾನು ಹಾಗೆ ಹೇಳುವುದಿಲ್ಲ. ಇವತ್ತೇ ಬೇಕೆಂದು, ನಾಳೆಯೂ ಟ್ಯಾಂಕರ್ ಓಡುತ್ತಿರುವುದನ್ನು ಅವರ ಪವರ್‌ಮ್ಯಾನ್ ಕಂಡರೆ ಮಾತು ಮುಗಿಯಿತು.

ಫೋನು ಹೀಗಿತ್ತು:

"ನಮಸ್ಕಾರ ಸರ್, ಪಂಚಾಯಿತಿ ಪಿಡಿಒ ಮಾತಾಡ್ತಿದೀನಿ. ಎರಡು ನಿಮಿಷ ಮಾತಾಡಬಹುದಾ, ಇಲ್ಲಾ ಆಮೇಲೆ ಮಾಡ್ಲಾ?"

"ಹೇಳಿ ಸರ್, ಲೈನ್ ಮೇಲಿದೀನಿ."

"ಊರಿನ ನೀರಿನ ಟಿಸಿ ಬೆಳಿಗ್ಗೆ ಶಬ್ದ ಮಾಡಿ ನಿಂತಿದೆ, ಎಣ್ಣೆ ಸೋರಿದೆ. ಸುಟ್ಟಿದೆಯೋ ಇಲ್ವೋ ನಿಮ್ಮವರು ನೋಡಿ ಹೇಳಬೇಕು. ಟ್ಯಾಂಕರ್ ಹಾಕಿದೀನಿ, ನಾಳಿದ್ದು ಸಂಜೆವರೆಗೆ ಹೇಗೋ ತಡೀತೀನಿ. ಆಮೇಲೆ ನನ್ನ ಕೈಲಿ ದಾರಿ ಇಲ್ಲ. ನಿಮಗೆ ಈಗ ಎಷ್ಟು ಕಡೆ ಹೋಗಿದೆ ಅಂತ ನನಗೆ ಗೊತ್ತಿಲ್ಲ, ಅದನ್ನೆಲ್ಲ ನೋಡಿ ನೀವೇ ಹೇಳಿ ಸರ್, ಇದು ಆಗುತ್ತಾ?"

ಇದರಲ್ಲಿ ಮೂರು ಕಡೆ ನಾನು ಬೇಕೆಂದೇ ಕೈ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಸುಟ್ಟಿದೆ ಎಂಬ ತೀರ್ಪು ಕೊಡಲಿಲ್ಲ, ಕಂಡದ್ದನ್ನಷ್ಟೇ ಹೇಳಿದೆ. ಅದು ಅವರ ವಿದ್ಯೆ. ಯಾರ ಸರದಿ ಮೊದಲು ಎಂದು ನಾನು ಹೇಳಲಿಲ್ಲ. ಕೊನೆಗೆ ಕೇಳಿದ್ದು ಪ್ರಶ್ನೆ, ಅದಕ್ಕೆ ಅವರು "ಇಲ್ಲ" ಎನ್ನಲೂ ಜಾಗವಿತ್ತು. "ಇಲ್ಲ" ಎಂದರೂ ನನಗೆ ಉಪಯೋಗವೇ, ಆಗಲೇ ಎರಡನೇ ಟ್ಯಾಂಕರಿಗೆ ಏರ್ಪಾಟು ಮಾಡಬಹುದು. "ನೋಡೋಣ ಸರ್" ಎಂಬ ಉತ್ತರವೇ ಅಪಾಯದ್ದು. ಅದು ಬಂದರೆ, "ನೋಡಿ ಯಾವಾಗ ತಿಳಿಸ್ತೀರಿ, ನಾನು ಎಷ್ಟು ಹೊತ್ತಿಗೆ ಫೋನ್ ಮಾಡ್ಲಿ?" ಎಂದು ಕೇಳಿ ಹೊತ್ತು ಗೊತ್ತುಮಾಡಿಕೊಳ್ಳುತ್ತೇನೆ. ಅವರು ಸಂಜೆ ಆರಕ್ಕೆ ಮಾಡಿ ಎಂದರು.

ಹಳ್ಳಿಗಾಡಿನಲ್ಲಿ ಸುಟ್ಟ ಟಿಸಿಯನ್ನು 72 ಗಂಟೆಯೊಳಗೆ ಬದಲಿಸಬೇಕೆಂದು ವಿದ್ಯುತ್ ನಿಯಂತ್ರಣ ಆಯೋಗದ ಸೇವಾ ಮಾನದಂಡವಿದೆ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಬೇಕಾಗಿದ್ದುದು 72 ಗಂಟೆಗಿಂತ ಬೇಗ. ನಿಯಮ ಎತ್ತಿದರೆ ಅವರೂ ನಿಯಮಕ್ಕೇ ನಿಲ್ಲುತ್ತಾರೆ, ಮೂರನೇ ದಿನ ರಾತ್ರಿ ತಂದು ನಿಲ್ಲಿಸಿದರೂ ಯಾರೂ ಕೇಳುವಂತಿಲ್ಲ. 1912ರ ದೂರಿನ ವಿಷಯ ಮಾತ್ರ ನಾನೇ ಹೇಳಿದೆ: "ದಾಖಲೆಗೆ ಇರಲಿ ಅಂತ ರಿಜಿಸ್ಟರ್ ಮಾಡ್ಸಿದೀನಿ ಸರ್, ನಿಮ್ಮ ಮೇಲೆ ದೂರು ಅಂದ್ಕೋಬೇಡಿ." ಹೇಳದೆ ಬಿಟ್ಟಿದ್ದರೆ ಅದು ಅವರಿಗೆ ಬೇರೆ ದಾರಿಯಲ್ಲಿ ತಿಳಿಯುತ್ತಿತ್ತು.

ಇನ್ನೊಂದು ಮಾತನ್ನೂ ನಾನೇ ಎತ್ತಬೇಕಿತ್ತು: ಪಂಚಾಯಿತಿಯ ಕರೆಂಟ್ ಬಿಲ್ಲಿನ ಬಾಕಿ. ಬೀದಿ ದೀಪ ಮತ್ತು ನೀರಿನ ಸ್ಥಾವರಗಳ ಬಾಕಿ ಎಷ್ಟೋ ಪಂಚಾಯಿತಿಗಳಲ್ಲಿ ವರ್ಷಗಳಿಂದ ಇದೆ. ಸೆಕ್ಷನ್ ಆಫೀಸರಿಗೆ ವಸೂಲಿಯ ಒತ್ತಡವೂ ಇದೆ. ನಾವು ಸಹಾಯ ಕೇಳುವಾಗ ಅವರ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ. "ಬಾಕಿ ವಿಷಯ ನನ್ನ ಗಮನದಲ್ಲಿದೆ ಸರ್. ಈ ಸಲದ ಅನುದಾನದಲ್ಲಿ ನೀರಿನ ಬಿಲ್ಲು ಮೊದಲು ಹಾಕ್ತೀನಿ. ಹಳೇದು ತಾಲೂಕು ಪಂಚಾಯಿತಿ ಮಟ್ಟದಲ್ಲಿ ತೀರ್ಮಾನ ಆಗಬೇಕು, ಅದಕ್ಕೆ ನಾನು ಮಾತು ಕೊಡಕ್ಕಾಗಲ್ಲ" ಎಂದೆ. ಆಗದ್ದನ್ನು ಆಗುವುದಿಲ್ಲ ಎಂದದ್ದಕ್ಕೇ ಆಗುವುದರ ಮಾತನ್ನು ಅವರು ನಂಬಿದರು ಎಂದು ನನಗೆ ಅನಿಸುತ್ತದೆ.

ಮಧ್ಯಾಹ್ನ ಪವರ್‌ಮ್ಯಾನ್ ಬಂದು ನೋಡಿ ಟಿಸಿ ಹೋಗಿದೆ ಎಂದು ವರದಿ ಕೊಟ್ಟರು. ಈ ಹೊತ್ತಿಗೆ ನಾನು ಮಾಡಿದ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು. ಹೊಸ ಟಿಸಿ ಕೂರಿಸಿದರೆ ಅದೂ ವಾರದಲ್ಲಿ ಸುಡುತ್ತದೆ ಎನ್ನುವುದು ಯಾವ ಸೆಕ್ಷನ್ ಆಫೀಸರಿಗೂ ಇರುವ ಭಯ. 63 ಕೆವಿಎ ಟಿಸಿ 0.85 ಪವರ್ ಫ್ಯಾಕ್ಟರಿಗೆ ಸುಮಾರು 53 ಕಿಲೋವ್ಯಾಟ್ ಕೊಡುತ್ತದೆ. ಮೋಟಾರಿನೊಳಗಿನ ನಷ್ಟ ಲೆಕ್ಕಕ್ಕೆ ತೆಗೆದುಕೊಂಡರೆ 60 ಎಚ್‌ಪಿ ಆಸುಪಾಸು. ನೀರಗಂಟಿಯನ್ನು ಕರೆದುಕೊಂಡು ಹೊಲ ಹೊಲ ತಿರುಗಿ ಎಣಿಸಿದೆ. ಪಂಚಾಯಿತಿಯ ಎರಡು ಮೋಟಾರು, 10 ಮತ್ತು 7.5 ಎಚ್‌ಪಿ. ರೈತರವು 5 ಎಚ್‌ಪಿಯವು ಆರು, 7.5ರವು ನಾಲ್ಕು. ಒಟ್ಟು 77.5. ಅದರ ಮೇಲೆ ಎಲ್ಲದಕ್ಕೂ ಆಟೋ ಸ್ಟಾರ್ಟರು. ತ್ರೀ ಫೇಸ್ ಬಂದ ಕ್ಷಣ ಹನ್ನೆರಡೂ ಮೋಟಾರು ಒಟ್ಟಿಗೆ ಎದ್ದರೆ, ಶುರುವಾಗುವಾಗ ಒಂದೊಂದೂ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ.

ಸಂಜೆ ಅರಳಿಕಟ್ಟೆ ಹತ್ತಿರ ರೈತರನ್ನು ಸೇರಿಸಿ ಈ ಲೆಕ್ಕ ಹೇಳಿದೆ. ಯಾರದು ಅಕ್ರಮ, ಯಾರದು ಸಕ್ರಮ ಎಂಬ ಮಾತನ್ನೇ ತೆಗೆಯಲಿಲ್ಲ, ತೆಗೆದಿದ್ದರೆ ಸಭೆ ಅಲ್ಲಿಗೇ ಮುಗಿಯುತ್ತಿತ್ತು. ಆಟೋ ತೆಗೆಯುವುದು, ರೈತರ ಮೋಟಾರುಗಳನ್ನು 30-30 ಎಚ್‌ಪಿಯ ಎರಡು ಪಾಳಿ ಮಾಡುವುದು ಎಂದು ಒಪ್ಪಿದರು. ಒಂದು ಪಾಳಿಯೂ ನೀರಿನ ಮೋಟಾರುಗಳೂ ಸೇರಿ 47.5 ಆಗುತ್ತದೆ. ಆರಕ್ಕೆ ಫೋನು ಮಾಡಿ ಇದನ್ನು ಹೇಳಿ, ಈ ಸಂದೇಶ ಕಳಿಸಿದೆ:

"ಸರ್, ಟಿಸಿ ನಂಬರ್, ಫೋಟೋ, 1912 ದೂರಿನ ನಂಬರ್ ಕೆಳಗಿದೆ. 63 ಕೆವಿಎ ಮೇಲೆ 77.5 ಎಚ್‌ಪಿ ಇತ್ತು. ರೈತರು ಆಟೋ ತೆಗೆದು ಎರಡು ಪಾಳಿಗೆ ಒಪ್ಪಿದ್ದಾರೆ, ಹೊಸ ಟಿಸಿ ಮೇಲೆ ಒಮ್ಮೆಗೆ 47.5 ಮಾತ್ರ ಬರುತ್ತದೆ. ಟಿಸಿವರೆಗೆ ಗಾಡಿ ಹೋಗಲು ದಾರಿಯ ಜಾಲಿ ಕಡಿಸಿದ್ದೇವೆ. ಟ್ಯಾಂಕರ್ ನಾಳಿದ್ದು ಸಂಜೆವರೆಗೆ. ಸ್ಟೋರಿನಿಂದ ಬಿಡಿಸಲು ಎಇಇ ಸಾಹೇಬರಿಗೆ ಪಂಚಾಯಿತಿಯಿಂದ ಪತ್ರ ಬೇಕಿದ್ದರೆ ತಿಳಿಸಿ, ನೀವು ಹೇಳಿದ ಹಾಗೆ ಬರೆದು ಕೊಡುತ್ತೇನೆ."

ಕೊನೆಯ ಸಾಲಿಗೆ ತಕ್ಷಣ ಉತ್ತರ ಬಂತು. ಪತ್ರ ಬೇಕಿತ್ತು. ಕುಡಿಯುವ ನೀರಿನ ಟಿಸಿ ಎಂದು ಪಂಚಾಯಿತಿ ಸೀಲು ಹಾಕಿದ ಕಾಗದ ಕೈಯಲ್ಲಿದ್ದರೆ ಮೇಲಿನವರ ಮುಂದೆ ನಮ್ಮ ಊರಿಗೆ ಮೊದಲು ಕೇಳಲು ಅವರಿಗೆ ಆಧಾರ. ಅದೇ ಪತ್ರವನ್ನು ಅವರಿಗೆ ಹೇಳದೆ ನಾನು ಅವರ ಮೇಲಧಿಕಾರಿ ಎಇಇಗೆ ಕಳಿಸಿದ್ದರೆ ಅವರ ಮೇಲಿನ ಚಾಡಿಯಾಗುತ್ತಿತ್ತು.

ಊರಿನವರಿಗೂ ಒಂದು ಮಾತು ಹೇಳಿದ್ದೆ: ಈ ವಿಷಯಕ್ಕೆ ಫೋನು ಮಾಡುವವನು ನಾನೊಬ್ಬನೇ. ಒಬ್ಬ ಸದಸ್ಯರು ಶಾಸಕರ ಕಡೆಯವರಿಂದ ಹೇಳಿಸುತ್ತೇನೆ ಎಂದರು. ಎರಡು ದಿನ ತಡೆಯಿರಿ ಎಂದು ಕೈಮುಗಿದು ಕೇಳಿಕೊಂಡೆ. ಶಿಫಾರಸಿನಿಂದ ಒಂದು ಸಲ ಕೆಲಸವಾಗುತ್ತದೆ, ಆಮೇಲೆ ನಮ್ಮ ಫೋನು ಎತ್ತುವುದು ನಿಲ್ಲುತ್ತದೆ.

ಮಾರನೆಯ ದಿನ ಬಂದ ಟಿಸಿ ಬೇರೆ ಊರಿಗೆ ಹೋಯಿತು. ಅಲ್ಲಿ ಟ್ಯಾಂಕರಿಗೂ ನೀರಿರಲಿಲ್ಲ ಎಂದು ಸೆಕ್ಷನ್ ಆಫೀಸರೇ ಫೋನು ಮಾಡಿ ತಿಳಿಸಿದರು. ನಮ್ಮದು ಅದರ ಮರುದಿನ ಮಧ್ಯಾಹ್ನ ಬಂತು. ಸಾಗಣೆಗೆಂದು ರೈತರಿಂದ ದುಡ್ಡು ಎತ್ತುವ ಮಾತನ್ನು ಊರಿನ ಕೆಲವರು ಆಡಿದ್ದರು, ನಾನು ಬಿಡಲಿಲ್ಲ. ಟಿಸಿ ಸಾಗಣೆ ಕಂಪನಿಯ ಹೊಣೆ. ಒಮ್ಮೆ ಕೊಟ್ಟರೆ ಅದೇ ರೂಢಿಯಾಗುತ್ತದೆ. ಹುಡುಗರು ಹಗ್ಗ ಹಿಡಿದು ಇಳಿಸಲು ಕೈ ಹಾಕಿದರು, ಕಂಬ ಹತ್ತುವ, ತಂತಿ ಮುಟ್ಟುವ ಕೆಲಸಕ್ಕೆ ಯಾರನ್ನೂ ಬಿಡಲಿಲ್ಲ.

ಹೀಗೆ ಕೇಳಿಯೂ ಕೆಲಸವಾಗದ ಸಲಗಳಿವೆ. ಆಗ ಮೇಲೆ, ಅಂದರೆ ತಾಲೂಕು ಪಂಚಾಯಿತಿಯ ಇಒ ಹತ್ತಿರ ಹೋಗಲೇಬೇಕು, ನೀರು ಕಾಯುವುದಿಲ್ಲ. ಹೋಗುವ ಮೊದಲು ಅವರಿಗೇ ಹೇಳುತ್ತೇನೆ: "ಸರ್, ನನ್ನ ಟ್ಯಾಂಕರ್ ಇವತ್ತಿಗೆ ಮುಗೀತು. ಈಗ ಇಒ ಸಾಹೇಬರಿಗೆ ತಿಳಿಸಲೇಬೇಕು, ಅವರು ಎಇಇ ಅವರ ಹತ್ತಿರ ಮಾತಾಡ್ತಾರೆ. ನೀವು ಪ್ರಯತ್ನ ಮಾಡಿದೀರಿ, ಸ್ಟೋರಲ್ಲಿ ಟಿಸಿ ಇಲ್ಲ ಅಂತಲೇ ನಾನು ಹೇಳೋದು. ಅದರಲ್ಲಿ ಏನಾದ್ರೂ ತಪ್ಪಿದ್ರೆ ಈಗಲೇ ತಿದ್ದಿ." ಇಒ ಅವರಿಗೆ ಬರೆಯುವ ಟಿಪ್ಪಣಿಯಲ್ಲೂ ಅಷ್ಟನ್ನೇ ಬರೆಯುತ್ತೇನೆ, ಅದರ ಪ್ರತಿಯನ್ನು ಸೆಕ್ಷನ್ ಆಫೀಸರಿಗೂ ಕಳಿಸುತ್ತೇನೆ.