ನಿಫ್ಟಿ ಬಿತ್ತು, ಸರಿ. ಬೀಳಿಸಿದ್ದು ಯಾರು? ನೀವೇ ಲೆಕ್ಕ ಹಾಕಿ

2024ರ ಜನವರಿ 17ರಂದು ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿ ಒಂದೇ ದಿನ 460 ಅಂಕ ಕಳೆದುಕೊಂಡಿತು. ಐವತ್ತು ಕಂಪನಿಗಳೂ ಸೇರಿ ಬೀಳಿಸಿದ್ದಾ, ಇಲ್ಲಾ ಒಂದೇ ಕಂಪನಿಯ ಕೆಲಸವಾ? ಒಂದು ಕಾಗದ, ಪೆನ್ನು ತಗೊಳ್ಳಿ.

ಮೊದಲು ಒಂದು ಕಂಪನಿಯ ತೂಕ, ಅಂದರೆ ಸೂಚ್ಯಂಕದಲ್ಲಿ ಅದರ ಪಾಲು, ಲೆಕ್ಕ ಹಾಕೋಣ. ಷೇರಿನ ಬೆಲೆಯನ್ನು ಒಟ್ಟು ಷೇರುಗಳಿಂದ ಗುಣಿಸಿದರೆ ಕಂಪನಿಯ ಮಾರುಕಟ್ಟೆ ಮೌಲ್ಯ ಸಿಗುತ್ತದೆ. ಆದರೆ ಪ್ರವರ್ತಕರ, ಅಂದರೆ ಕಂಪನಿ ಕಟ್ಟಿದವರ, ಕೈಯಲ್ಲಿರುವ ಷೇರು ದಿನಾ ಮಾರಾಟಕ್ಕೆ ಬರುವುದಿಲ್ಲ, ಅಲ್ವಾ? ಅದನ್ನು ಕಳೆಯಿರಿ. ಉಳಿದದ್ದೇ ಫ್ರೀ ಫ್ಲೋಟ್.

ಟಿಸಿಎಸ್ ಮೌಲ್ಯ 12 ಲಕ್ಷ ಕೋಟಿ, ನಮ್ಮ ಬೆಂಗಳೂರಿನ ಇನ್ಫೋಸಿಸ್‌ದು 6 ಲಕ್ಷ ಕೋಟಿ ಅಂತ ಇಟ್ಟುಕೊಳ್ಳಿ. ಟಿಸಿಎಸ್‌ನಲ್ಲಿ ಶೇ 72ರಷ್ಟು ಟಾಟಾ ಸನ್ಸ್ ಬಳಿಯೇ ಇದೆ. ಇನ್ಫೋಸಿಸ್‌ನಲ್ಲಿ ಪ್ರವರ್ತಕರ ಪಾಲು ಶೇ 15ರ ಆಸುಪಾಸು. ಕಳೆದು ನೋಡಿದರೆ ಟಿಸಿಎಸ್‌ಗೆ ಉಳಿಯುವುದು 3.36 ಲಕ್ಷ ಕೋಟಿ, ಇನ್ಫೋಸಿಸ್‌ಗೆ 5.1 ಲಕ್ಷ ಕೋಟಿ. ಅರ್ಧ ಗಾತ್ರದ ಕಂಪನಿಯೇ ಸೂಚ್ಯಂಕದಲ್ಲಿ ಜಾಸ್ತಿ ತೂಗುತ್ತದೆ!

ಇದು ಸುಮ್ನೆ ಕಾಗದದ ಲೆಕ್ಕವಲ್ಲ. ಸೂಚ್ಯಂಕವನ್ನೇ ನಕಲು ಮಾಡುವ ಇಂಡೆಕ್ಸ್ ಫಂಡ್‌ಗಳು ಈ ತೂಕದ ಪ್ರಕಾರವೇ ಷೇರು ಕೊಳ್ಳಬೇಕು. ಎಲ್‌ಐಸಿಯಲ್ಲಿ ಶೇ 96.5 ಸರ್ಕಾರದ್ದು. ಅದಕ್ಕೆ ಪೂರ್ತಿ ಮೌಲ್ಯದ ತೂಕ ಕೊಟ್ಟರೆ ಫಂಡ್‌ಗಳೆಲ್ಲ ಉಳಿದ ಮೂರೂವರೆ ಪರ್ಸೆಂಟಿಗೆ ಮುಗಿಬೀಳಬೇಕಾಗುತ್ತದೆ. ಬೆಲೆ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ! ಸೆನ್ಸೆಕ್ಸ್ 2003ರಲ್ಲಿ, ನಿಫ್ಟಿ 2009ರಲ್ಲಿ ಫ್ರೀ ಫ್ಲೋಟ್‌ಗೆ ಬದಲಾದವು.

ಮುಂದಿನದು ಸುಲಭ. ಐವತ್ತೂ ಕಂಪನಿಗಳ ಫ್ರೀ ಫ್ಲೋಟ್ ಕೂಡಿಸಿ, ಮೂಲ ದಿನದ ಮೊತ್ತದಿಂದ ಭಾಗಿಸಿ, 1000ದಿಂದ ಗುಣಿಸಿ. ನಿಫ್ಟಿಗೆ ಮೂಲ ದಿನ 1995ರ ನವೆಂಬರ್ 3. ಪಟ್ಟಿಗೆ ಹೊಸ ಕಂಪನಿ ಬಂದಾಗ ಮೂಲ ಮೊತ್ತವನ್ನೂ ಸರಿಹೊಂದಿಸುತ್ತಾರೆ. ಇಲ್ಲದಿದ್ದರೆ ಯಾವ ಷೇರೂ ಕದಲದೆ ಸೂಚ್ಯಂಕ ಜಿಗಿದುಬಿಡುತ್ತದೆ.

ಈಗ ಜನವರಿ 17ಕ್ಕೆ ಬನ್ನಿ. ತ್ರೈಮಾಸಿಕ ಫಲಿತಾಂಶ ಬಂದ ಮರುದಿನ ಎಚ್‌ಡಿಎಫ್‌ಸಿ ಬ್ಯಾಂಕ್ ಷೇರು ಶೇ 8.4ರಷ್ಟು ಬಿತ್ತು. ನಿಫ್ಟಿಯಲ್ಲಿ ಅದರ ತೂಕ ಶೇ 13ರ ಹತ್ತಿರ. ಹಿಂದಿನ ದಿನ ನಿಫ್ಟಿ ಇದ್ದದ್ದು 22,032ರಲ್ಲಿ. ಮೂರನ್ನೂ ಗುಣಿಸಿ:

```
22032 × 0.13 × 0.084 ≈ 240.6
```

460ರಲ್ಲಿ ಸುಮಾರು 240 ಅಂಕ ಒಂದೇ ಬ್ಯಾಂಕಿನದು. ಅರ್ಧಕ್ಕಿಂತ ಜಾಸ್ತಿ. ಉಳಿದದ್ದು ನಲವತ್ತೊಂಬತ್ತು ಕಂಪನಿಗಳ ಪಾಲು.

ಇಲ್ಲಿ ಫ್ರೀ ಫ್ಲೋಟ್ ದೈತ್ಯನನ್ನು ತಡೆಯಲಿಲ್ಲ, ಇನ್ನೂ ದಪ್ಪ ಮಾಡಿತ್ತು. 2023ರ ಜುಲೈನಲ್ಲಿ ಪ್ರವರ್ತಕ ಸಂಸ್ಥೆಯಾಗಿದ್ದ ಎಚ್‌ಡಿಎಫ್‌ಸಿಯೇ ಬ್ಯಾಂಕಿನಲ್ಲಿ ವಿಲೀನವಾದ ಮೇಲೆ ಬ್ಯಾಂಕಿಗೆ ಪ್ರವರ್ತಕರೇ ಇಲ್ಲ. ಹಾಗಾಗಿ ಕಳೆಯಲು ಹೆಚ್ಚೇನೂ ಉಳಿದಿರಲಿಲ್ಲ.

ಇವತ್ತಿನ ತೂಕ ಬೇಕಿದ್ದರೆ niftyindices.com ನಲ್ಲಿ ಪ್ರತಿ ತಿಂಗಳ ಫ್ಯಾಕ್ಟ್‌ಶೀಟ್ ಇರುತ್ತದೆ. ಮುಂದಿನ ಸಲ ನಿಫ್ಟಿ ಜೋರಾಗಿ ಬಿದ್ದಾಗ ಮೇಲಿನ ನಾಲ್ಕೈದು ಹೆಸರಿಗೆ ಇದೇ ಗುಣಾಕಾರ ಮಾಡಿ. ಜೊತೆಗೆ ಎಲ್ಲ ಕಂಪನಿಗೂ ಸಮ ತೂಕ ಕೊಡುವ 'ನಿಫ್ಟಿ 50 ಈಕ್ವಲ್ ವೆಯ್ಟ್' ಎಷ್ಟು ಬಿದ್ದಿದೆ ಅಂತಲೂ ನೋಡಿ. ಅದು ಅಷ್ಟಾಗಿ ಅಲುಗಾಡಿಲ್ಲದಿದ್ದರೆ ಬಿದ್ದದ್ದು ಮಾರುಕಟ್ಟೆಯಲ್ಲ, ಒಂದಿಬ್ಬರು ದೊಡ್ಡವರು.